ಕಿತ್ತಳೆ ಮುಚ್ಚಳದ ಸಿರಿಂಜು

ತಂಗಿ ನರ್ಸಿಂಗ್ ಓದ್ತಿದ್ದಾಳೆ. ಹೋದ ಭಾನುವಾರ ನಾನು ಊರಿಗೆ ಹೋದಾಗ ಲ್ಯಾಪ್‌ಟಾಪ್ ಕೇಳಿದಳು. ಪೋಸ್ಟಿಂಗ್ ಮುಗಿದ ಮೇಲೆ ಪ್ರತಿ ವಿದ್ಯಾರ್ಥಿಯೂ ತನ್ನದೇ ಒಂದು ಅನುಭವ ಆರಿಸಿಕೊಂಡು ಅದರ ಬಗ್ಗೆ ಬರೆದು ಕೊಡಬೇಕಂತೆ. ಅವಳು ಬರೆದಿದ್ದು ವಾಪಸ್ ಬಂದಿತ್ತು. ಕೊನೆಯ ಪುಟದಲ್ಲಿ ‘ಮುಂದಿನ ಸಲ ಇನ್ನೂ ಹೆಚ್ಚು ಜಾಗರೂಕತೆಯಿಂದ ಇರುತ್ತೇನೆ’ ಅಂತ ಬರೆದಿದ್ದಳು. ಅದರ ಕೆಳಗೆ ಮೇಡಂ ಕೆಂಪು ಪೆನ್ನಿನಲ್ಲಿ ಒಂದೇ ಪ್ರಶ್ನೆ ಹಾಕಿದ್ದರು: ‘ಏನು ಮಾಡುತ್ತೀಯ?’

ಈ ಬರವಣಿಗೆಗೆ ಒಂದು ಚೌಕಟ್ಟಿದೆ. 1988ರಲ್ಲಿ ಇಂಗ್ಲೆಂಡಿನ ಗ್ರಹಾಂ ಗಿಬ್ಸ್ ಎಂಬ ಶಿಕ್ಷಣತಜ್ಞರು ರೂಪಿಸಿದ್ದು. ಏನಾಯಿತು, ಆಗ ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಇಲ್ಲ, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಇನ್ನು ಮುಂದೆ ಏನು ಮಾಡುತ್ತೇನೆ. ಈ ಆರು ಮೆಟ್ಟಿಲನ್ನು ಒಂದು ಚಕ್ರದ ಹಾಗೆ ಬರೆದಿರುತ್ತಾರೆ. ನಮ್ಮ ಆಫೀಸಲ್ಲಿ ಸರ್ವರ್ ಬಿದ್ದಾಗ ನಾವು ಬರೆಯೋ ವರದಿಯೂ ಹೆಚ್ಚುಕಡಿಮೆ ಇದೇ. ಅದಕ್ಕೇ ನಂಗೆ ಕುತೂಹಲ.

ಅವಳ ಮೊದಲ ಪ್ರತಿಯಲ್ಲಿ ‘ಏನಾಯಿತು’ ಅನ್ನೋ ಭಾಗ ಮೂರೇ ಸಾಲು. ‘ನಂಜನಗೂಡಿನಲ್ಲಿ ವಾರ್ಡ್ ಪೋಸ್ಟಿಂಗ್ ಇದ್ದಾಗ ಸಕ್ಕರೆ ಕಾಯಿಲೆಯ ಒಬ್ಬ ವೃದ್ಧೆಯ ಮನೆಯವರಿಗೆ ಇನ್ಸುಲಿನ್ ಚುಚ್ಚುವ ವಿಧಾನ ವಿವರಿಸಲಾಯಿತು. ನಂತರ ತಿ. ನರಸೀಪುರದ ಕಡೆ ಮನೆ ಭೇಟಿಯಲ್ಲಿ ಅವರ ಸಕ್ಕರೆ ಪ್ರಮಾಣ ಹೆಚ್ಚಿರುವುದು ಕಂಡುಬಂತು. ಪಾಪಪ್ರಜ್ಞೆ ಕಾಡಿತು.’

‘ವಿವರಿಸಲಾಯಿತು ಅಂದ್ರೆ ಯಾರು ವಿವರಿಸಿದ್ದು?’ ಅಂದೆ.

‘ನಾನೇ ಕಣಣ್ಣ.’

‘ಹಂಗಾದ್ರೆ ಹಂಗೇ ಬರಿ.’

ಬರೆಯೋಕೆ ಶುರು ಮಾಡಿದ ಮೇಲೆ ಕಥೆ ಹೊರಗೆ ಬಂತು. ಡಿಸ್ಚಾರ್ಜ್ ದಿನ ಬೆಳಿಗ್ಗೆ ಅವಳು ಅಜ್ಜಿಯ ಸೊಸೆಯನ್ನು ಮಂಚದ ಪಕ್ಕ ನಿಲ್ಲಿಸಿಕೊಂಡು, ವಾರ್ಡಿನ ಸಿರಿಂಜಿನಲ್ಲಿ ಔಷಧಿ ಎಳೆದು ತೋರಿಸಿದ್ದಳು. ‘ನೋಡಿ, ಬೆಳಿಗ್ಗೆ ಇಪ್ಪತ್ತು. ಈ ಇಪ್ಪತ್ತರ ಗೆರೆ ತನಕ. ಗೊತ್ತಾಯ್ತಾ?’ ಸೊಸೆ ತಲೆಯಾಡಿಸಿದಳು. ಬಸ್ಸಿಗೆ ಹೊತ್ತಾಗ್ತಿತ್ತು. ಮನೆಗೆ ಬೇಕಾದ ಸಿರಿಂಜನ್ನು ಅವರು ಹೋಗುವ ದಾರಿಯಲ್ಲಿ ಅಂಗಡಿಯಲ್ಲಿ ಕೊಂಡರು.

ಕೆಲವು ವಾರ ಆದಮೇಲೆ ತಂಗಿಗೆ ಸಮುದಾಯ ಪೋಸ್ಟಿಂಗ್ ತಿ. ನರಸೀಪುರದ ಕಡೆ ಬಿತ್ತು. ಮನೆ ಮನೆ ಸುತ್ತುವಾಗ ಅದೇ ಅಜ್ಜಿ ಸಿಕ್ಕರು. ಬೆರಳು ಚುಚ್ಚಿ ನೋಡಿದರೆ, ಖಾಲಿ ಹೊಟ್ಟೆಯಲ್ಲೇ ಸಕ್ಕರೆ 300 ದಾಟಿತ್ತು. ತಂಗಿ ಮೊದಲು ಅಜ್ಜಿಯ ಮೇಲೇ ಅನುಮಾನ ಪಟ್ಟಳು. ರಸಬಾಳೆ ತಿಂದಿದ್ದೀರಾ, ಸೂಜಿ ತಪ್ಪಿಸಿದ್ದೀರಾ ಅಂತ ಗದರುವ ದನಿಯಲ್ಲೇ ಕೇಳಿದಳಂತೆ. ಸೊಸೆಗೆ ಬೇಜಾರಾಗಿ, ‘ಒಂದಿನಾನೂ ಬಿಟ್ಟಿಲ್ಲ ಸಿಸ್ಟರ್. ನೀವು ಹೇಳ್ದಂಗೇ ಇಪ್ಪತ್ತರ ಗೆರೆಗೇ ಎಳೀತೀನಿ’ ಅಂದು ಸಿರಿಂಜು ತಂದು ತೋರಿಸಿದಳು.

ಅದರ ಮುಚ್ಚಳ ಕಿತ್ತಳೆ ಬಣ್ಣದ್ದು. ವಾರ್ಡಿನಲ್ಲಿ ತೋರಿಸಿದ್ದು ಕೆಂಪು ಮುಚ್ಚಳದ್ದು.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಬಹುಪಾಲು 40ರ ಸಾಂದ್ರತೆಯದ್ದು. ಅಂದರೆ ಒಂದು ಮಿ.ಲೀ.ಗೆ 40 ಯೂನಿಟ್. ಅದಕ್ಕೆ ಹೊಂದುವ ಸಿರಿಂಜಿನ ಮುಚ್ಚಳ ಕೆಂಪು. 100ರ ಸಾಂದ್ರತೆಯ ಇನ್ಸುಲಿನ್ನೂ ಇದೆ, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಎರಡರ ಮೇಲೂ ಗೆರೆ ಇರುತ್ತೆ, 20 ಅಂತ ಅಂಕಿಯೂ ಇರುತ್ತೆ. ಆದರೆ ಕೆಂಪು ಮುಚ್ಚಳದ ಸಿರಿಂಜಿನ 20 ಅಂದರೆ ಅರ್ಧ ಮಿ.ಲೀ. ಕಿತ್ತಳೆಯದರ 20 ಅಂದರೆ 0.2 ಮಿ.ಲೀ. ಅಷ್ಟೇ. 40ರ ಸೀಸೆಯಿಂದ ಅಷ್ಟು ಎಳೆದರೆ ಸಿಗೋದು 8 ಯೂನಿಟ್. ಅಜ್ಜಿಗೆ ದಿನಾ ಬೆಳಿಗ್ಗೆ 20ರ ಬದಲು 8 ಹೋಗ್ತಿತ್ತು, ಸೊಸೆ ಒಂದು ಗೆರೆಯೂ ತಪ್ಪದೆ ಕೊಟ್ಟಿದ್ದರೂ.

ಉಲ್ಟಾ ಆಗಿದ್ದರೆ? 100ರ ಸೀಸೆ, ಕೆಂಪು ಮುಚ್ಚಳದ ಸಿರಿಂಜು. ಇಪ್ಪತ್ತರ ಗೆರೆಗೆ 50 ಯೂನಿಟ್. ಸಕ್ಕರೆ ಕುಸಿದು ಜೀವಕ್ಕೇ ಬರುತ್ತೆ. ಇನ್ನೊಂದು ಅಪಾಯ ನಂಗೆ ಹೊಳೆದಿರಲೇ ಇಲ್ಲ, ತಂಗಿ ಹೇಳಿದಳು. ಸಿರಿಂಜು ನೋಡದೆ ಬರೀ ಸಕ್ಕರೆಯ ಅಂಕಿ ನೋಡಿ ಡಾಕ್ಟರು ಪ್ರಮಾಣ ಏರಿಸುತ್ತಾ ಹೋದರು ಅಂದ್ಕೊಳ್ಳಿ. ಒಂದು ದಿನ ಅಂಗಡಿಯವನು ಸರಿಯಾದ ಸಿರಿಂಜು ಕೊಡುತ್ತಾನೆ. ಅವತ್ತು ಅಜ್ಜಿ ಬೀಳುತ್ತಾರೆ. ಅದಕ್ಕೇ ಅವಳು ಅಲ್ಲೇ ಏನೂ ಬದಲಾಯಿಸದೆ ಮೊದಲು ಮೇಡಂಗೆ, ಅವರ ಮೂಲಕ ಡಾಕ್ಟರಿಗೆ ತಿಳಿಸಿದ್ದು. ‘ಇದ್ರಲ್ಲೇ ಐವತ್ತರ ಗೆರೆಗೆ ಎಳೀಲಾ?’ ಅಂತ ಸೊಸೆ ಕೇಳಿದ್ದಳಂತೆ. ಲೆಕ್ಕ ಸರಿ. ಆದರೆ ನಾಳೆ ಸೀಸೆ ಬದಲಾದರೆ ಆ ಲೆಕ್ಕವೇ ಮುಳುವಾಗುತ್ತೆ. ಹಾಗಾಗಿ ಡಾಕ್ಟರ ಒಪ್ಪಿಗೆ ಬಂದ ಮೇಲೆ ಕಿತ್ತಳೆ ಸಿರಿಂಜನ್ನೇ ತೆಗೆಸಿ, ಕೆಂಪು ಮುಚ್ಚಳದ್ದು ತರಿಸಿದರು.

ಇಷ್ಟು ಬರೆದ ಮೇಲೆ ‘ಏನನ್ನಿಸಿತು’ ಭಾಗಕ್ಕೆ ಬಂದಳು. ಪಾಪಪ್ರಜ್ಞೆ ಅಂತ ಬರೆದರೆ ಮಾರ್ಕ್ಸ್ ಬರುತ್ತೆ ಅಂತ ಕ್ಲಾಸಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಅದನ್ನೇ ಬರೀತಾರೆ. ಈ ಪದ್ಧತಿಯ ದೊಡ್ಡ ತೊಂದರೆ ಇದೇ ಅಂತ ನನ್ನ ಅನಿಸಿಕೆ. ಅಂಕ ಕೊಡೋಕೆ ಶುರು ಮಾಡಿದ ತಕ್ಷಣ ಪಶ್ಚಾತ್ತಾಪವೂ ಅಸೈನ್‌ಮೆಂಟ್ ಆಗಿಬಿಡುತ್ತೆ. ತುಂಬಾ ಹೊತ್ತು ಕೂತು ಅವಳು ಬರೆದಿದ್ದು ಇದು: ‘ಕಿತ್ತಳೆ ಮುಚ್ಚಳ ನೋಡಿದಾಗ ನನಗೆ ಮೊದಲು ಅನ್ನಿಸಿದ್ದು, ಇವರಿಗೆ ಹೇಳಿಕೊಟ್ಟಿದ್ದು ನಾನು ಅಂತ ಇಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ ಎಂದು.’ ಬರೆದು, ಅಳಿಸಿ, ಮತ್ತೆ ಬರೆದಳು. ‘ಇದು ಇರ್ಲಾ ಅಣ್ಣಾ?’ ಅಂದಳು. ನಾನು ಏನೂ ಹೇಳಲಿಲ್ಲ. ಇಂಟರ್ನಲ್ಸ್ ಅವಳದ್ದು.

‘ಯಾಕೆ’ ಅನ್ನೋ ಪ್ರಶ್ನೆಗೆ ಉತ್ತರ ಅಷ್ಟರಲ್ಲೇ ಸಿಕ್ಕಿತ್ತು. ಮೊದಲ ಪ್ರತಿಯಲ್ಲಿ ‘ಮನೆಯವರಿಗೆ ತಿಳುವಳಿಕೆಯ ಕೊರತೆ’ ಅಂತ ಇತ್ತು, ಅದನ್ನು ಹೊಡೆದು ಹಾಕಿದಳು. ಕಲಿಸಿದ ಸಿರಿಂಜು ಬೇರೆ, ಬಳಸಿದ ಸಿರಿಂಜು ಬೇರೆ. ಅವಳು ಗೆರೆ ಕಲಿಸಿದ್ದಳು, ಸೀಸೆಗೂ ಸಿರಿಂಜಿಗೂ ಇರೋ ಜೋಡಿ ಕಲಿಸಿರಲಿಲ್ಲ. ‘ಗೊತ್ತಾಯ್ತಾ’ ಅಂದರೆ ನಮ್ಮ ಕಡೆ ಯಾರು ತಾನೇ ಇಲ್ಲ ಅಂತಾರೆ? ಡಾಕ್ಟರ ಮುಂದೆ ನಾನೂ ಅನ್ನಲ್ಲ.

ಹೊಸ ಕ್ರಿಯಾಯೋಜನೆಯಲ್ಲಿ ಜಾಗರೂಕತೆ ಅನ್ನೋ ಪದವೇ ಇರಲಿಲ್ಲ. ಮನೆಗೆ ಕೊಂಡೊಯ್ಯುವ ಸೀಸೆ, ಸಿರಿಂಜು ಎರಡೂ ಮಂಚದ ಹತ್ತಿರ ಬಂದ ಮೇಲೇ ಕಲಿಸುವುದು. ಎರಡರ ಮೇಲಿನ 40 ಹೊಂದುತ್ತಾ ಅಂತ ಮನೆಯವರ ಕೈಲೇ ನೋಡಿಸುವುದು. ಗೊತ್ತಾಯ್ತಾ ಅಂತ ಕೇಳದೆ, ‘ನಾಳೆ ಬೆಳಿಗ್ಗೆ ಹೆಂಗೆ ಕೊಡ್ತೀರಾ, ನಂಗೆ ಮಾಡಿ ತೋರಿಸಿ’ ಅನ್ನುವುದು. ಮುಂದಿನ ಪೋಸ್ಟಿಂಗಿನ ಮೊದಲ ಮೂರು ಡಿಸ್ಚಾರ್ಜ್‌ಗಳಲ್ಲಿ ಹೀಗೆ ಮಾಡಿ, ಪಕ್ಕದಲ್ಲಿದ್ದ ಸ್ಟಾಫ್ ನರ್ಸ್ ಸಹಿ ಹಾಕಿಸಿಕೊಳ್ಳುವುದು. ಮಾಡಿದಳೋ ಇಲ್ಲವೋ ಅಂತ ಇದನ್ನು ನೋಡಿ ಯಾರು ಬೇಕಾದರೂ ಹೇಳಬಹುದು.

ಆ ಒಂದು ಸಾಲು ಉಳಿಸಿಕೊಂಡೇ ಸೋಮವಾರ ಕೊಟ್ಟು ಬಂದಳು. ಮಾರ್ಕ್ಸ್ ಇನ್ನೂ ಬಂದಿಲ್ಲ. ಗುರುವಾರ ಅಜ್ಜಿಯ ಮನೆಗೆ ಮತ್ತೆ ಹೋಗಿದ್ದಳು. ಸೊಸೆ ಸೀಸೆ, ಸಿರಿಂಜು ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿ, ಸರಿಯಾಗೇ ಎಳೆದಳಂತೆ. ಆಮೇಲೆ ಕೇಳಿದಳಂತೆ: ‘ಅಂಗಡೀಲಿ ಕೆಂಪು ಮುಚ್ಚಳದ್ದು ಇಲ್ಲ ಅಂದ್ಬುಟ್ರೆ ಏನ್ ಮಾಡ್ಲಿ ಸಿಸ್ಟರ್?’

ಅದಕ್ಕೆ ತಂಗಿಯ ಯೋಜನೆಯಲ್ಲಿ ಉತ್ತರ ಇರಲಿಲ್ಲ. ರಾತ್ರಿ ಫೋನ್ ಮಾಡಿ ಮತ್ತೆ ಲ್ಯಾಪ್‌ಟಾಪ್ ಬೇಕು ಅಂದಿದ್ದಾಳೆ.