ಗ್ರಾಮಸಭೆ ಲೈವ್ ನಿಲ್ಲಿಸೋದು ಬೇಡ

ತೇರಿನ ಲೈವ್‌ಗೆ 610 ಜನ, ಗ್ರಾಮಸಭೆ ಲೈವ್‌ಗೆ 46. ಈ ಎರಡು ಅಂಕಿ ಹಿಡಿದುಕೊಂಡು 'ಗ್ರಾಮಸಭೆ ಲೈವ್ ಇನ್ಯಾಕೆ, ಡೇಟಾ ದಂಡ' ಅನ್ನುವ ಮಾತು ನಮ್ಮ ಗೆಳೆಯರ ನಡುವೆಯೇ ಎದ್ದಿದೆ. ನಾವು ಇದನ್ನು ಒಪ್ಪುವುದಿಲ್ಲ.

ಯೂಟ್ಯೂಬ್ ಸ್ಟುಡಿಯೊ ತೋರಿಸುವ ಈ ಅಂಕಿಗೆ ಪೀಕ್ ಅನ್ನುತ್ತಾರೆ. ಇಡೀ ಲೈವ್‌ನಲ್ಲಿ ಯಾವುದೋ ಒಂದು ಗಳಿಗೆಯಲ್ಲಿ ಏಕಕಾಲಕ್ಕೆ ಅತಿ ಹೆಚ್ಚು ಎಷ್ಟು ಕಡೆ ವಿಡಿಯೊ ಓಡುತ್ತಿತ್ತು ಅನ್ನುವುದಷ್ಟೇ ಅದರ ಅರ್ಥ. ತೇರು ಎಳೆಯುವ ಹೊತ್ತಿಗೆ ಊರು ಬಿಟ್ಟು ಬೆಂಗಳೂರು ಸೇರಿದವರೂ ಒಟ್ಟಿಗೆ ಫೋನ್ ತೆಗೆಯುತ್ತಾರೆ. ಗ್ರಾಮಸಭೆ ಶುರುವಾಗುವುದು ಬೆಳಿಗ್ಗೆ 11ಕ್ಕೆ, ಜನ ಹೊಲದಲ್ಲಿರುವಾಗ. ಜೊತೆಗೆ ಹೋಟೆಲಿನಲ್ಲಿ ಒಂದೇ ಫೋನಿಗೆ ಐದು ಜನ ಬಗ್ಗಿ ನೋಡಿದರೂ ಲೆಕ್ಕಕ್ಕೆ ಸಿಗುವುದು ಒಂದೇ.

ಚಾಟ್ ನೋಡಿ. ತೇರಿನ ಎರಡು ಗಂಟೆಯಲ್ಲಿ 240 ಮೆಸೇಜ್ ಬಂದವು, ನಿಮಿಷಕ್ಕೆ ಎರಡು. ಬಹುತೇಕ ಕೈಮುಗಿಯುವ ಚಿತ್ರಗಳೇ. ಗ್ರಾಮಸಭೆಯಲ್ಲಿ ಒಟ್ಟು ಬಂದದ್ದು 38. ಆದರೆ ಅದರಲ್ಲಿ 25 ಬಂದದ್ದು ಹತ್ತೇ ನಿಮಿಷದಲ್ಲಿ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಓದುವಾಗ. ಅಷ್ಟು ಕಡಿಮೆ ಜನ ಇದ್ದೂ ತೇರಿಗಿಂತ ಬಿರುಸು! 'ನಮ್ಮ ಕೇರಿಯವರ ಹೆಸರು ಬಂತಾ?' ಅನ್ನುವುದೇ ಹೆಚ್ಚಿನವರ ಪ್ರಶ್ನೆ. ಹಾಗಂತ ಮೆಸೇಜ್ ಎಣಿಸಿದರೆ ಸಾಲದು, ಓದಬೇಕು. 'ಸೌಂಡ್ ಬರ್ತಿಲ್ಲ' ಅಂತ ಹತ್ತು ಜನ ಬೈದರೂ ಚಾಟ್ ಜೋರಾಗಿಯೇ ಕಾಣುತ್ತದೆ.

ಗ್ರಾಫ್‌ನಲ್ಲಿ ಗೆರೆ ಇಳಿಯುವ ಬಗೆಯೂ ಗಮನಿಸಬೇಕಾದ್ದೇ. ನಿಧಾನಕ್ಕೆ ಇಳಿದರೆ ಜನಕ್ಕೆ ಬೇಜಾರಾಗಿದೆ. ಒಮ್ಮೆಲೇ ಬಾವಿಗೆ ಬಿದ್ದಂತೆ ಬಿದ್ದರೆ ಸಾಮಾನ್ಯವಾಗಿ ನಮ್ಮ ನೆಟ್‌ವರ್ಕ್ ಹೋಗಿದೆ ಅಂತಲೇ ತಿಳಿಯಬೇಕು. ಅದಕ್ಕೆ ಕಾರ್ಯಕ್ರಮವನ್ನು ದೂರಬಾರದು.

ನಮ್ಮ ವಾದಕ್ಕೆ ಬಲ ಕೊಟ್ಟದ್ದು ಮಾತ್ರ ಮರುವೀಕ್ಷಣೆ. ಒಂದು ವಾರದಲ್ಲಿ ಗ್ರಾಮಸಭೆಯ ರೆಕಾರ್ಡಿಂಗ್ 900 ಸಲ ತೆರೆದಿದೆ. ತೆರೆದವರೆಲ್ಲ ಪೂರ್ತಿ ನೋಡಿಲ್ಲ, ಸ್ವಾಗತ ಭಾಷಣದಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಎದ್ದುಹೋಗಿದ್ದಾರೆ. ಆದರೆ ಎಲ್ಲಿಯವರೆಗೆ ನೋಡಿದರು ಅಂತ ತೋರಿಸುವ ಗೆರೆ 1 ಗಂಟೆ 12ನೇ ನಿಮಿಷದಲ್ಲಿ ಮತ್ತೆ ಗುಡ್ಡದಂತೆ ಏಳುತ್ತದೆ. ಅಲ್ಲಿರುವುದು ಅದೇ ಪಟ್ಟಿ. ಜನ ಬೆರಳಲ್ಲಿ ಎಳೆದೆಳೆದು ಅಲ್ಲಿಗೇ ಬಂದಿದ್ದಾರೆ. ಗಂಟೆವಾರು ಲೆಕ್ಕದಲ್ಲಿ ಹೆಚ್ಚಿನವರು ತೆರೆದದ್ದು ರಾತ್ರಿ 8ರಿಂದ 10ರೊಳಗೆ.

ಮುಂದಿನ ಸಲಕ್ಕೆ ನಮ್ಮ ಸಲಹೆ ಇಷ್ಟೇ. ಪಟ್ಟಿ ಯಾವಾಗ ಓದುತ್ತೀರಿ ಅಂತ ಪಿಡಿಒ ಅವರನ್ನು ಹಿಂದಿನ ದಿನವೇ ಕೇಳಿ, ಆ ಸಮಯವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕೋಣ. ಮೈಕನ್ನು ವೇದಿಕೆಗೆ ಬದಲು ಪಟ್ಟಿ ಓದುವವರ ಮೇಜಿನ ಮೇಲೆ ಇಡೋಣ. ಲೈವ್ ಮುಗಿದ ಮೇಲೆ ವಿಡಿಯೊದ ಕೆಳಗಿನ ವಿವರಣೆಯಲ್ಲಿ 00:00ರಿಂದ ಶುರುಮಾಡಿ ಕನಿಷ್ಠ ಮೂರು ಭಾಗಗಳ ಸಮಯ ಬರೆಯೋಣ. ಆಗ ಯೂಟ್ಯೂಬ್ ಅವನ್ನು ಅಧ್ಯಾಯಗಳಾಗಿ ತೋರಿಸುತ್ತದೆ, ಒತ್ತಿದರೆ ನೇರ ಪಟ್ಟಿಗೇ ಹೋಗಬಹುದು. ಪಟ್ಟಿ ಓದಿದ ಭಾಗವನ್ನಷ್ಟೇ ಕತ್ತರಿಸಿ ಅದೇ ರಾತ್ರಿ 8ಕ್ಕೆ ಬೇರೆಯಾಗಿಯೂ ಹಾಕೋಣ. ತೇರಿನ ಲೈವ್ ಹೇಗಿದೆಯೋ ಹಾಗೇ ಇರಲಿ.