ಜಾಲತಾಣಕ್ಕೆ ಸಾಮಗ್ರಿ ಕೂಡಿಸುವ ಬಗೆ

ಸೊಲ್ಲಾಪುರದ ಚಾದರ ವ್ಯಾಪಾರಿಯೊಬ್ಬರ ಜಾಲತಾಣ ಕಟ್ಟುವ ಕೆಲಸವನ್ನು ನಾವು ವಹಿಸಿಕೊಂಡೆವೆನ್ನಿ. ‘ಅಂಗಡಿಯ ವಿಷಯ ಬರೆದು ಕಳುಹಿಸಿರಿ’ ಎಂದರೆ ಆ ಬರಹ ದೀಪಾವಳಿ ಕಳೆದರೂ ಬಾರದು. ಬಿಡುವಿಲ್ಲದವರಿಗೆ ಬರೆಯುವುದು ಕಷ್ಟ, ತಿದ್ದುವುದು ಸುಲಭ. ಆದುದರಿಂದ ಅವರನ್ನು ಅರ್ಧ ಗಂಟೆ ಮಾತನಾಡಿಸಿ, ಬರಹವನ್ನು ನಾವೇ ಸಿದ್ಧಪಡಿಸಿ, ಬುಧವಾರದೊಳಗೆ ತಿದ್ದಿಕೊಡುವಂತೆ ಒಪ್ಪಿಸುವುದು ಲೇಸು.

ಲಾಂಛನಕ್ಕಾಗಿ ಅವರನ್ನು ಕಾಡಬೇಕಿಲ್ಲ. ಬಿಲ್ ಪುಸ್ತಕ ಅಚ್ಚು ಹಾಕಿದ ಮುದ್ರಣಾಲಯದಲ್ಲಿ ಸಾಮಾನ್ಯವಾಗಿ ಅದರ ಮೂಲ ಕಡತವಿರುತ್ತದೆ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದಿದ್ದರೆ ಅದೇ ನಮಗೆ ಬೇಕಾದುದು. ಛಾಯಾಚಿತ್ರಗಳನ್ನು ಮಾತ್ರ ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿಯೇ ಕಳುಹಿಸಿರೆಂದು ಮೊದಲೇ ಹೇಳಬೇಕು. ಬರಿಯ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ, ಚಾದರದ ನೇಯ್ಗೆಯೇ ಮಸುಕಾಗುತ್ತದೆ. ಒಂದೆರಡು ಚಿತ್ರ ತಡವಾದರೆ ಆ ಅಳತೆಯ ಜಾಗ ಬಿಟ್ಟು ಉಳಿದ ಪುಟಗಳನ್ನು ಕಟ್ಟುತ್ತ ಸಾಗಬಹುದು.