ದರ ಇಳಿಸಿದರೆ ಮೆಟ್ರೊ ಆದಾಯ ಏರುತ್ತದೆಯೇ?

‘ಟಿಕೆಟ್ ದರ ಇಳಿಸಿ, ಜನ ಮರಳುತ್ತಾರೆ, ನಮ್ಮ ಮೆಟ್ರೊ ಆದಾಯ ತಾನಾಗಿಯೇ ಏರುತ್ತದೆ’ ಎಂಬ ಲೇಖನ ಓದಿದೆ. ಜನ ಮರಳಬಹುದು; ಆದಾಯ ಏರಲು ಅಷ್ಟೇ ಸಾಲದು. ಎಷ್ಟು ಜನ ಮರಳುತ್ತಾರೆ ಎಂಬುದೇ ಪ್ರಶ್ನೆ.

ಕೆಂಗೇರಿಯಿಂದ ಮೆಜೆಸ್ಟಿಕ್ ಕಡೆಗೆ ತಲಾ 30 ರೂಪಾಯಿ ಕೊಟ್ಟು 100 ಜನ ಹೋಗುತ್ತಾರೆ ಎನ್ನಿ. ಒಟ್ಟು ಆದಾಯ 3,000 ರೂಪಾಯಿ. ದರವನ್ನು ಶೇ 10ರಷ್ಟು ಇಳಿಸಿ 27 ಮಾಡಿದಾಗ 104 ಜನ ಬಂದರೆ ಸಿಗುವುದು 2,808. ನಾಲ್ವರು ಹೊಸಬರು ತಂದದ್ದು 108; ಹಳೆಯ ನೂರು ಮಂದಿಗೆ ಬಿಟ್ಟುಕೊಟ್ಟದ್ದು 300! ಶೇ 10ರ ಇಳಿಕೆಗೆ ಬೇಡಿಕೆ ಶೇ 4ರಷ್ಟೇ ಏರಿದ್ದರಿಂದ ಸ್ಥಿತಿಸ್ಥಾಪಕತ್ವ 0.4. ಅದು 1ಕ್ಕಿಂತ ಕಡಿಮೆಯಿದ್ದರೆ ದರ ಇಳಿಕೆ ನಷ್ಟವೇ. ಇಲ್ಲಿ ನಷ್ಟವಾಗದಿರಲು 112 ಜನ ಬೇಕು.

2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಪ್ರಯಾಣಿಕರು ಕಡಿಮೆಯಾದರು, ಟಿಕೆಟ್ ಆದಾಯ ಮಾತ್ರ ಹೆಚ್ಚಿತು. ವಿಜಯನಗರದಿಂದ ಅತ್ತಿಗುಪ್ಪೆಯಂಥ ಗಿಡ್ಡ ಪಯಣದ ಮಾತು ಬೇರೆ: ನಡೆಯಬಹುದು, ಬಸ್ಸಿದೆ, ಸ್ಕೂಟರ್ ಇದೆ. ಅಲ್ಲಿ ಇಳಿಕೆಗೆ ಜನ ಹೆಚ್ಚು ಸ್ಪಂದಿಸಿಯಾರು.

ದರ ಇಳಿಸಬೇಕೆನ್ನುವವರಲ್ಲಿ ನಾನೂ ಒಬ್ಬ, ರಸ್ತೆ ಹಗುರಾಗಲಿ ಎಂದು. ಅದಕ್ಕೆ ಸರ್ಕಾರ ಹಣ ಕೊಡಲಿ ಎಂದು ನೇರವಾಗಿ ಕೇಳೋಣ. ಲಾಭದ ಆಸೆ ತೋರಿಸುವುದು ಬೇಡ.